ದಿನಕ್ಕೊಂದು ಚೌಕ: ಅಂಗಡಿಗೆ ಬರುವವರ ಲೆಕ್ಕ ಮತ್ತು ಕ್ಯಾಲೆಂಡರ್ ಹೀಟ್‌ಮ್ಯಾಪ್

ವರ್ಷದ ಪ್ರತಿ ದಿನಕ್ಕೂ ಒಂದು ಪುಟ್ಟ ಚೌಕ. ಅಂದು ಅಂಗಡಿಗೆ ಬಂದವರು ಹೆಚ್ಚಾದಷ್ಟೂ ಅದರ ಬಣ್ಣ ಗಾಢ. ಒಂದೊಂದು ವಾರ ಒಂದೊಂದು ಕಂಬಸಾಲು, ಒಂದೊಂದು ವಾರದ ದಿನ ಒಂದೊಂದು ಅಡ್ಡಸಾಲು. ಹೀಗೆ ಜೋಡಿಸಿದಾಗ ಶನಿವಾರದ ನೂಕುನುಗ್ಗಲು ವರ್ಷದುದ್ದಕ್ಕೂ ಒಂದು ಗಾಢ ಪಟ್ಟಿಯಾಗಿ, ವಾರದ ರಜೆ ಖಾಲಿ ಪಟ್ಟಿಯಾಗಿ ಕಾಣುತ್ತದೆ. ಊರಿನ ಸಂತೆ ಮಂಗಳವಾರವಾದರೆ ಅದೂ ತನ್ನ ಸಾಲಿನಲ್ಲಿ ಎದ್ದು ಕಾಣುತ್ತದೆ. ಇದೇ ಕ್ಯಾಲೆಂಡರ್ ಹೀಟ್‌ಮ್ಯಾಪ್.

ಅಂಕಿಗಳ ಕೋಷ್ಟಕಕ್ಕೆ ಬಣ್ಣ ತುಂಬುವ ಪದ್ಧತಿ ಹಳೆಯದು. 1873ರಲ್ಲಿಯೇ ತೂಸಾಂ ಲುವಾ ಪ್ಯಾರಿಸ್ಸಿನ ಬಡಾವಣೆಗಳ ಅಂಕಿಅಂಶಗಳನ್ನು ಛಾಯೆಗಳಲ್ಲಿ ತೋರಿಸಿದ್ದ. ಅದನ್ನು ಕ್ಯಾಲೆಂಡರಿನೊಂದಿಗೆ ಬೆಸೆದ ಮುಖ್ಯ ಕೆಲಸ ಬಂದದ್ದು 1999ರಲ್ಲಿ. ಯಾರ್ಕೆ ವಾನ್ ವೈಕ್ ಮತ್ತು ಎಡ್ವರ್ಡ್ ವಾನ್ ಸೆಲೋ ನೆದರ್‌ಲೆಂಡ್ಸ್‌ನ ಇಂಧನ ಸಂಶೋಧನಾ ಕೇಂದ್ರದಲ್ಲಿ ಯಾವ ಹೊತ್ತಿಗೆ ಎಷ್ಟು ನೌಕರರಿದ್ದರು ಎಂಬ ದಾಖಲೆ ಹಿಡಿದು, ಒಂದೇ ಬಗೆಯಲ್ಲಿ ಕಳೆದ ದಿನಗಳನ್ನು ಗುಂಪು ಮಾಡಿ, ಗುಂಪಿಗೊಂದು ಬಣ್ಣದಂತೆ ಕ್ಯಾಲೆಂಡರಿಗೆ ಬಳಿದರು. ವಾರಾಂತ್ಯ, ರಜೆಗಳ ಜೊತೆಗೆ ಡಿಸೆಂಬರ್ 5 ಬೇರೆಯೇ ಆಗಿ ಕಂಡಿತು. ಅಂದು ಡಚ್ಚರ ಸಂತ ನಿಕೊಲಾಸನ ಹಬ್ಬ. ನೌಕರರು ಬೇಗ ಮನೆಗೆ ಹೊರಟಿದ್ದರು. ಹಬ್ಬವನ್ನು ಚಿತ್ರವೇ ಗುರುತಿಸಿಕೊಟ್ಟಿತ್ತು.

2013ರಲ್ಲಿ ಗಿಟ್‌ಹಬ್ ತನ್ನ ಬಳಕೆದಾರರ ಪುಟಗಳಲ್ಲಿ ಹಸಿರು ಚೌಕಗಳನ್ನು ಹಾಕಿದ ಮೇಲೆ ಈ ರೂಪ ಎಲ್ಲರಿಗೂ ಪರಿಚಿತವಾಯಿತು. ಜನಸಂಚಾರದ ಎಣಿಕೆಗೆ ಇನ್ನೂ ಹತ್ತಿರದ್ದು ಮೆಲ್ಬರ್ನ್ ನಗರದ ಪಾದಚಾರಿ ಸೆನ್ಸರ್‌ಗಳ ಅಂಕಿಗಳ ಮೇಲೆ ಇಯರೋ ವಾಂಗ್, ಡಯಾನ್ ಕುಕ್ ಮತ್ತು ರಾಬ್ ಹೈಂಡ್‌ಮನ್ ನಡೆಸಿದ ಕೆಲಸ. ಅವರು ಚೌಕದೊಳಗೆ ಬಣ್ಣದ ಬದಲು ಆ ದಿನದ ಗಂಟೆಗಂಟೆಯ ಏರಿಳಿತದ ಗೆರೆಯನ್ನೇ ಇಟ್ಟರು. ಬಣ್ಣದಿಂದ ಪ್ರಮಾಣವನ್ನು ನಿಖರವಾಗಿ ಅಳೆಯಲು ಕಣ್ಣಿಗೆ ಕಷ್ಟ. ಆ ಕೊರತೆಗೆ ಇದು ಒಳ್ಳೆಯ ಉತ್ತರ.

ಈ ಬೆಳವಣಿಗೆಯೆಲ್ಲ ನಡೆದದ್ದು ಇಂಗ್ಲಿಷ್ ತಾರೀಕಿನ ಚೌಕಟ್ಟಿನಲ್ಲಿ. ಕರ್ನಾಟಕದ ಬಟ್ಟೆ ಅಂಗಡಿಗೆ ಬಂದಾಗ ತೊಡಕು ಶುರುವಾಗುತ್ತದೆ. 2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದು ಆಗಸ್ಟ್ 16ಕ್ಕೆ ಮುಗಿಯಿತು. ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 25ಕ್ಕೆ ಹೋಯಿತು. 2024ರಲ್ಲಿ ಅದೇ ಆಗಸ್ಟ್ 16ರಂದೇ ಹಬ್ಬ. ಎರಡು ವರ್ಷಗಳ ಚಿತ್ರಗಳನ್ನು ಮೇಲೆ ಕೆಳಗೆ ಇಟ್ಟು ತಾರೀಕು ಹೋಲಿಸಿದರೆ ವ್ಯಾಪಾರ ದಿಢೀರನೆ ಏರಿದಂತೆ ಕಾಣಬಹುದು. ಬದಲಾದದ್ದು ಪಂಚಾಂಗ ಮಾತ್ರ.

ಇದಕ್ಕೆ ಪರಿಹಾರ ಎರಡು ಹೆಜ್ಜೆಯದು. ಮೊದಲು ವಾರದ ದಿನದ ಪ್ರಭಾವವನ್ನು ಕಳೆಯಬೇಕು. ಒಂದು ಅಂಗಡಿಗೆ ಮಾಮೂಲಿ ಗುರುವಾರ 200 ಜನ, ಶನಿವಾರ 400 ಜನ ಬರುತ್ತಾರೆ ಎಂದಿಟ್ಟುಕೊಳ್ಳೋಣ. ಹಬ್ಬದ ಹಿಂದಿನ ಗುರುವಾರ 460 ಜನ ಬಂದರು, ಮತ್ತೊಂದು ಶನಿವಾರ 420. ನೇರ ಎಣಿಕೆಗೆ ಬಣ್ಣ ಹಾಕಿದರೆ ಎರಡೂ ಚೌಕ ಹೆಚ್ಚುಕಡಿಮೆ ಒಂದೇ. ಆಯಾ ದಿನದ ಮಾಮೂಲಿ ಸಂಖ್ಯೆಯಿಂದ ಭಾಗಿಸಿದರೆ ಗುರುವಾರದ್ದು 2.3, ಶನಿವಾರದ್ದು 1.05. ಈಗ 1ರ ಸುತ್ತ ತಿಳಿಬಣ್ಣ, ಹೆಚ್ಚಾದರೆ ಒಂದು ಬಣ್ಣ, ಕಡಿಮೆಯಾದರೆ ಇನ್ನೊಂದು ಎಂದು ಕೊಟ್ಟರೆ ಹಬ್ಬದ ಗುರುವಾರ ಒಂಟಿಯಾಗಿ ಎದ್ದು ನಿಲ್ಲುತ್ತದೆ. ಮಾಮೂಲಿ ಸಂಖ್ಯೆಗೆ ಸರಾಸರಿಗಿಂತ ಮಧ್ಯಾಂಕ ಮೇಲು, ಏಕೆಂದರೆ ಒಂದೆರಡು ಹಬ್ಬದ ದಿನಗಳು ಸರಾಸರಿಯನ್ನು ಎಳೆದುಬಿಡುತ್ತವೆ. ಆದರೆ ಆ ಮಧ್ಯಾಂಕವನ್ನು ಹಿಂದುಮುಂದಿನ ಕೆಲವೇ ವಾರಗಳಿಂದ ತೆಗೆದರೆ ಆಷಾಢದ ಮಂದ ವ್ಯಾಪಾರವೇ ‘ಮಾಮೂಲಿ’ ಆಗಿ, ಚಿತ್ರದಿಂದ ಮಾಯವಾಗುತ್ತದೆ. ಇಡೀ ವರ್ಷದ ಗುರುವಾರಗಳಿಂದ ತೆಗೆದಾಗ ಅದು ಉಳಿಯುತ್ತದೆ.

ಎರಡನೆಯದು ಮರುಜೋಡಣೆ. ಪ್ರತಿ ವರ್ಷದ ಸಾಲನ್ನೂ ಹಬ್ಬದ ದಿನವನ್ನು ಸೊನ್ನೆಯಾಗಿಟ್ಟುಕೊಂಡು, ಅದಕ್ಕೆ ಹತ್ತು ದಿನ ಹಿಂದಿನಿಂದ ಐದು ದಿನ ಮುಂದಿನವರೆಗೆ ಜೋಡಿಸಬೇಕು. ಖರೀದಿ ನಡೆಯುವುದು ಹಬ್ಬಕ್ಕೆ ಮುಂಚೆ. ಸೀರೆ ಕೊಳ್ಳುವವರು ಎಷ್ಟು ದಿನ ಮೊದಲೇ ಬರುತ್ತಾರೆ ಎಂಬುದು ಈ ಜೋಡಣೆಯಲ್ಲಿ ಮಾತ್ರ ಕಾಣುತ್ತದೆ. ವರಮಹಾಲಕ್ಷ್ಮಿ ಯಾವಾಗಲೂ ಶುಕ್ರವಾರವೇ ಬರುವುದರಿಂದ ಇಲ್ಲಿ ವಾರದ ದಿನಗಳೂ ತಾವಾಗಿಯೇ ಹೊಂದಿಕೊಳ್ಳುತ್ತವೆ. ದೀಪಾವಳಿಗೆ ಆ ಅನುಕೂಲವಿಲ್ಲ. ಅಲ್ಲಿ ಮೊದಲ ಹೆಜ್ಜೆಯನ್ನು ಬಿಡುವಂತೆಯೇ ಇಲ್ಲ.

ಎಣಿಕೆಯಲ್ಲೇ ದೋಷವಿದ್ದರೆ ಚಿತ್ರವೂ ದಾರಿ ತಪ್ಪಿಸುತ್ತದೆ. ಬಾಗಿಲಲ್ಲಿನ ಬೆಳಕಿನ ಕಿರಣದ ಸೆನ್ಸರ್ ಒಳಬರುವವರನ್ನೂ ಹೊರಹೋಗುವವರನ್ನೂ ಎಣಿಸುತ್ತದೆ. ಜೊತೆಯಾಗಿ ನುಗ್ಗಿದ ಮೂವರನ್ನು ಒಬ್ಬರೆಂದು ತಿಳಿಯಬಹುದು. ಹಾಗಾಗಿ ಹಬ್ಬದ ಜಂಗುಳಿಯಲ್ಲೇ ಲೆಕ್ಕ ನಿಜಕ್ಕಿಂತ ಕಡಿಮೆ ಬೀಳುತ್ತದೆ. ಆ ದಿನ ಬಿಲ್ಲುಗಳು ಮೂರು ಪಟ್ಟು ಏರಿ ಜನ ಎರಡು ಪಟ್ಟು ಮಾತ್ರ ಏರಿದ್ದರೆ ಸೆನ್ಸರ್ ಮೇಲೆ ಅನುಮಾನಪಡಬೇಕು. ಕರೆಂಟು ಹೋಗಿ ಎಣಿಕೆ ನಿಂತ ದಿನವನ್ನು ಸೊನ್ನೆ ಎಂದು ಬರೆಯದೆ ಬೂದು ಚೌಕವಾಗಿ ಬಿಡುವುದು ಸರಿ. ಬಾಗಿಲು ಮುಚ್ಚಿದ ದಿನಕ್ಕೆ ಬೇರೆಯೇ ಗುರುತು ಬೇಕು.

ಇಷ್ಟಾದರೂ ಒಂದು ಹಬ್ಬಕ್ಕೆ ವರ್ಷಕ್ಕೊಂದೇ ಸಾಕ್ಷ್ಯ ಸಿಗುತ್ತದೆ. 2024ರಲ್ಲಿ ವರಮಹಾಲಕ್ಷ್ಮಿಯ ಹಿಂದಿನ ದಿನ ಆಗಸ್ಟ್ 15, ಸ್ವಾತಂತ್ರ್ಯ ದಿನದ ರಜೆ. ಆ ಗುರುವಾರದ ಗಾಢ ಬಣ್ಣದಲ್ಲಿ ಹಬ್ಬದ ಪಾಲೆಷ್ಟು, ರಜೆಯ ಪಾಲೆಷ್ಟು ಎಂದು ಆ ಒಂದು ವರ್ಷದಿಂದ ಬಿಡಿಸಲಾಗದು. 2023ರ ಆಗಸ್ಟ್ 24 ಮತ್ತು 2025ರ ಆಗಸ್ಟ್ 7, ಎರಡೂ ಹಬ್ಬದ ಹಿಂದಿನ ಗುರುವಾರಗಳೇ, ಆದರೆ ರಾಷ್ಟ್ರೀಯ ರಜೆಯಿಲ್ಲದವು. ಅವುಗಳ ಪಕ್ಕದಲ್ಲಿಟ್ಟಾಗಲೇ 2024ರ ಆ ಚೌಕವನ್ನು ಓದಲು ಸಾಧ್ಯ.