ಮಿನಿ ಕನ್ಸೋಲ್ ಮತ್ತು ಮೂಲ ಕಾರ್ಟ್ರಿಜ್

ಹಳೆಯ ವಿಡಿಯೋ ಗೇಮ್ ಯಂತ್ರದ ಪುಟ್ಟ ಪ್ರತಿರೂಪವೇ ಮಿನಿ ಕನ್ಸೋಲ್. ಆಟಗಳು ಅದರೊಳಗೇ ತುಂಬಿರುತ್ತವೆ. ನಿಂಟೆಂಡೊ 2017ರಲ್ಲಿ ತಂದ ‘ಸೂಪರ್ ಎನ್‌ಇಎಸ್ ಕ್ಲಾಸಿಕ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ 21 ಆಟಗಳಿವೆ; ಕಾರ್ಟ್ರಿಜ್ ಸಿಕ್ಕಿಸುವ ಜಾಗವಿಲ್ಲ, ಮೇಲ್ಭಾಗದ ಮುಚ್ಚಳ ಬರೀ ಅಲಂಕಾರ. ಒಳಗಿನ ಆಧುನಿಕ ಪ್ರೊಸೆಸರ್ ಎಮ್ಯುಲೇಟರ್ ತಂತ್ರಾಂಶದ ಮೂಲಕ ಹಳೆಯ ಯಂತ್ರದಂತೆ ವರ್ತಿಸುತ್ತದೆ. ಆಟವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ, ಅಲ್ಲಿಂದಲೇ ಮುಂದುವರಿಸಬಹುದು.

ಮೂಲ ಕಾರ್ಟ್ರಿಜ್‌ನ ಕಥೆ ಬೇರೆ. ‘ಸೂಪರ್ ಮಾರಿಯೊ ವರ್ಲ್ಡ್’ ಕಾರ್ಟ್ರಿಜ್‌ನಲ್ಲಿ ಆಟ ಶಾಶ್ವತ ಚಿಪ್‌ನಲ್ಲಿದ್ದರೆ, ಆಟಗಾರನ ಪ್ರಗತಿ ಮಾತ್ರ ಇನ್ನೊಂದು ಚಿಪ್‌ನಲ್ಲಿರುತ್ತದೆ. ಅದನ್ನು ಉಳಿಸುವುದು ಬಿಲ್ಲೆಯಾಕಾರದ 3 ವೋಲ್ಟ್ ಬ್ಯಾಟರಿ. ಆಟ ಸರಿಯಾಗಿ ಓಡಿಯೂ ಯಂತ್ರ ಆರಿಸಿದೊಡನೆ ಪ್ರಗತಿ ಅಳಿದರೆ, ಮೊದಲು ಶಂಕಿಸಬೇಕಾದದ್ದು ಈ ಬ್ಯಾಟರಿಯನ್ನೇ. ಅದನ್ನು ಬೆಸುಗೆ ಹಾಕಿ ಕೂರಿಸಿರುವುದರಿಂದ ಬದಲಿಸುವುದು ಟಾರ್ಚಿನ ಸೆಲ್ ಹಾಕಿದಷ್ಟು ಸುಲಭವಲ್ಲ. ತೆಗೆದಾಗ ಉಳಿದಿದ್ದ ಪ್ರಗತಿಯೂ ಸಾಮಾನ್ಯವಾಗಿ ಹೋಗುತ್ತದೆ.

ಹಾಗೆಂದು ಮಿನಿ ಯಂತ್ರ ಬರೀ ನಕಲಲ್ಲ. 1990ರ ದಶಕದಲ್ಲಿ ಸಿದ್ಧವಾಗಿಯೂ ಮಾರುಕಟ್ಟೆಗೆ ಬಾರದ ‘ಸ್ಟಾರ್ ಫಾಕ್ಸ್ 2’ ಅಧಿಕೃತವಾಗಿ ಮೊದಲು ಹೊರಬಂದದ್ದು ‘ಸೂಪರ್ ಎನ್‌ಇಎಸ್ ಕ್ಲಾಸಿಕ್’ನಲ್ಲೇ. ಮುಂದೆ ಅದು ‘ನಿಂಟೆಂಡೊ ಸ್ವಿಚ್ ಆನ್‌ಲೈನ್’ ಚಂದಾ ಸೇವೆಗೂ ಸೇರಿತು. ಕಾನೂನುಬದ್ಧವಾಗಿ ಹಳೆಯ ಆಟ ಆಡಲು ಅದೂ ಒಂದು ದಾರಿ, ಆದರೆ ಚಂದಾ ಮುಗಿದರೆ ಆಟವೂ ಮುಚ್ಚುತ್ತದೆ. ಕೊಂಡ ಕಾರ್ಟ್ರಿಜ್‌ಗೆ ಆ ಭಯವಿಲ್ಲ.