ಮೂರು ತಿಂಗಳ ಸೂಜಿ, ಮೂವತ್ತು ವರ್ಷದ ಜಗಳ

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡುವ ನಮ್ಮೂರ ಕಡೆಯ ಹೆಣ್ಣುಮಗಳೊಬ್ಬಳು ಹಬ್ಬಕ್ಕೆ ಬಂದಿದ್ದಾಗ ಮೆಲ್ಲಗೆ ಕೇಳಿದಳು: "ಅಣ್ಣಾ, ಸೂಜಿ ಬಿಟ್ಟು ಏಳು ತಿಂಗಳಾಯ್ತು, ಇನ್ನೂ ನಿಂತಿಲ್ಲ. ಅತ್ತೆ ಹರಕೆ ಮಾತಾಡ್ತಾರೆ. ನಾನು ಬಂಜೆ ಆಗ್ಬಿಟ್ನಾ?" ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ 'ಅಂತರ' ಇಂಜೆಕ್ಷನ್ ಅವಳು ಹೇಳಿದ್ದು. ಇದೇ ಪ್ರಶ್ನೆಯ ಸುತ್ತ ನಮ್ಮ ದೇಶದಲ್ಲಿ ಮೂವತ್ತು ವರ್ಷ ಜಗಳ ನಡೆದಿದೆ.

ಕಥೆ ಶುರುವಾಗುವುದು ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿ. ಅದೂ ಪೀಣ್ಯದ ಹಾಗೆ ಕಾರ್ಖಾನೆಗಳ ಜಾಗ. 1985ರಲ್ಲಿ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ನೆಟ್-ಎನ್ ಎಂಬ ಗರ್ಭನಿರೋಧಕ ಚುಚ್ಚುಮದ್ದಿನ ಪ್ರಯೋಗ ನಡೆಯಿತು. ಬಂದ ಬಡ ಹೆಂಗಸರಿಗೆ ಸೂಜಿ ಹಾಕಿಸಿಕೊಂಡರೆ ಬಸಿರಾಗುವುದಿಲ್ಲ ಎಂದಷ್ಟೇ ಗೊತ್ತಿತ್ತು, ಅದು ಪ್ರಯೋಗ ಎಂದು ಗೊತ್ತಿರಲಿಲ್ಲ. ಸ್ತ್ರೀ ಶಕ್ತಿ ಸಂಘಟನೆಯವರು ಹೋಗಿ ವಿಷಯ ಬಿಡಿಸಿ ಹೇಳಿದಾಗ ಹಲವರು ಬೇಡವೆಂದು ಎದ್ದು ಹೋದರು. 1986ರಲ್ಲಿ ಆ ಸಂಘಟನೆ, ಇತರ ಮಹಿಳಾ ಗುಂಪುಗಳ ಜೊತೆ ಸುಪ್ರೀಂ ಕೋರ್ಟಿಗೆ ಹೋಯಿತು. 2000ದಲ್ಲಿ ಆ ಕೇಸು ಮುಗಿದದ್ದು, ಎಲ್ಲರಿಗೂ ಹಂಚುವ ಕಾರ್ಯಕ್ರಮದಲ್ಲಿ ನೆಟ್-ಎನ್ ತರುವುದಿಲ್ಲ ಎಂದು ಸರ್ಕಾರ ಹೇಳಿದ ಮೇಲೆ.

ಈಗ 'ಅಂತರ'ದಲ್ಲಿ ಕೊಡುವುದು ಇನ್ನೊಂದು ಔಷಧ. ಡಿಎಂಪಿಎ ಎನ್ನುತ್ತಾರೆ, ಮೊದಲಿನ ಕಂಪನಿ ಹೆಸರು ಡೆಪೋ-ಪ್ರೊವೆರಾ. ಅಮೆರಿಕದಲ್ಲೇ ಅದಕ್ಕೆ ಗರ್ಭನಿರೋಧಕವಾಗಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಮರುವರ್ಷವೇ ನಮ್ಮಲ್ಲಿ ಖಾಸಗಿ ಮಾರಾಟಕ್ಕೆ ಅನುಮತಿ ಬಂತು. ಸರ್ಕಾರಿ ಕುಟುಂಬ ಯೋಜನೆಗೆ ಮಾತ್ರ ಬೇಡ ಎಂದು ಔಷಧ ತಜ್ಞರ ಮಂಡಳಿ 1995ರಲ್ಲಿ ತಡೆಯಿತು. 2015ರಲ್ಲಿ ಅದೇ ಮಂಡಳಿ ಒಪ್ಪಿತು. 2017ರಲ್ಲಿ 'ಅಂತರ' ಶುರುವಾದ ಮೊದಲ ಹತ್ತು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ವಿರೋಧಿಸಿದವರ ಮಾತು ಸರಳವಾಗಿತ್ತು. ಮಾತ್ರೆಯನ್ನು ಇವತ್ತೇ ಬಿಡಬಹುದು, ವಂಕಿಯನ್ನು ತೆಗೆಸಬಹುದು. ಒಳಗೆ ಹೋದ ಸೂಜಿಮದ್ದನ್ನು ವಾಪಸ್ ತೆಗೆಯಲಾಗದು. ಹಾಗಾಗಿ ಮೊದಲೇ ಎಲ್ಲ ಹೇಳಬೇಕು, ಆಮೇಲೂ ನೋಡಿಕೊಳ್ಳಬೇಕು. ಬೇಕೆಂದವರ ಮಾತಿನಲ್ಲೂ ತೂಕವಿತ್ತು: ಆಪರೇಷನ್ ಒಂದೇ ದಾರಿ ಎಂಬಂತಿದ್ದ ಕಡೆ, ಗಂಡನಿಗೂ ಗೊತ್ತಾಗದಂತೆ ಬಳಸಬಹುದಾದ ಉಪಾಯ ಇದು. ನನಗೆ ಎರಡೂ ಸರಿಯೆನಿಸುತ್ತದೆ.

ಈಗ ಆ ಹೆಣ್ಣುಮಗಳ ಲೆಕ್ಕ ನೋಡೋಣ. ಅವಳು ಕೊನೆಯ ಸೂಜಿ ಹಾಕಿಸಿಕೊಂಡದ್ದು ಜನವರಿಯಲ್ಲಿ. ಮದ್ದು ಮಾಂಸಖಂಡದಲ್ಲಿ ಕೂತು ನಿಧಾನಕ್ಕೆ ಕರಗುತ್ತದೆ. ಏಪ್ರಿಲ್‌ವರೆಗೆ ರಕ್ಷಣೆ ಖಚಿತ, ಆದರೆ ಏಪ್ರಿಲ್‌ಗೆ ಮದ್ದು ಪೂರ್ತಿ ಖಾಲಿಯಾಗುವುದಿಲ್ಲ. ಅದು ಇಳಿದು ಅಂಡ ಬಿಡುಗಡೆ ಮತ್ತೆ ಶುರುವಾಗಬೇಕು. ಮಗು ಬೇಕೆಂದು ಬಿಟ್ಟವರಲ್ಲಿ ಅರ್ಧದಷ್ಟು ಜನ ಬಸಿರಾಗುವುದು ಕೊನೆಯ ಸೂಜಿಯಿಂದ ಸುಮಾರು ಹತ್ತು ತಿಂಗಳೊಳಗೆ, ಅಂದರೆ ನವೆಂಬರ್ ಹೊತ್ತಿಗೆ. ಒಂದೂವರೆ ವರ್ಷದೊಳಗೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ. ಎಷ್ಟು ವರ್ಷ ಹಾಕಿಸಿಕೊಂಡರೂ ಈ ತಡ ಹೆಚ್ಚುವುದಿಲ್ಲ. ಅವಳು ಕೇಳಿದ್ದು ಆಗಸ್ಟ್‌ನಲ್ಲಿ, ಗೌರಿ ಹಬ್ಬಕ್ಕೆ ಬಂದಾಗ. ಬಂಜೆ ಅಲ್ಲ, ಅವಧಿ ಇನ್ನೂ ಇತ್ತು. ಕೊನೆಯ ಸೂಜಿಯಿಂದ ಒಂದೂವರೆ ವರ್ಷ ದಾಟಿದರೆ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಹತ್ತಿರ ಹೋಗಬೇಕು. ಒಂದು ವರ್ಷದೊಳಗೆ ಮಗು ಬೇಕು ಅನ್ನುವವರು ಈ ಸೂಜಿ ಬಿಟ್ಟು ಬೇರೆ ಉಪಾಯ ಕೇಳುವುದು ಒಳ್ಳೆಯದು. ಇದನ್ನು ಅವಳಿಗೆ ಮೊದಲ ದಿನವೇ ಯಾರೂ ಹೇಳಿರಲಿಲ್ಲ.

ಮೂಳೆಯ ವಿಷಯ ದೊಡ್ಡದಾಗಿ ಹೊರಬಿದ್ದದ್ದು 2004ರಲ್ಲಿ. ಈ ಮದ್ದು ಮೂಳೆ ಗಟ್ಟಿಯಾಗಿಡುವ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆ. ಐದು ವರ್ಷ ಬಿಡದೆ ಬಳಸಿದವರಲ್ಲಿ ಸೊಂಟ, ಬೆನ್ನಿನ ಮೂಳೆಯ ಸಾಂದ್ರತೆ ನೂರಕ್ಕೆ ಐದಾರು ಪಾಲು ಇಳಿದದ್ದು ಕಂಡಿತ್ತು, ಹೆಚ್ಚಿನ ಸವೆತ ಮೊದಲೆರಡು ವರ್ಷದಲ್ಲೇ. ಅಮೆರಿಕ ಪೊಟ್ಟಣದ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು: ಬೇರೆ ದಾರಿ ಇದ್ದರೆ ಎರಡು ವರ್ಷ ದಾಟಬೇಡಿ. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಬೇರೆ ಮಾತು ಹೇಳಿತು. ನಿಲ್ಲಿಸಿದ ಮೇಲೆ ಮೂಳೆ ಚೇತರಿಸಿಕೊಳ್ಳುತ್ತದೆ, 18ರಿಂದ 45 ವರ್ಷದವರಿಗೆ ಅವಧಿಯ ನಿರ್ಬಂಧ ಬೇಕಿಲ್ಲ ಎಂದಿತು. ಚೇತರಿಕೆ ಎಲ್ಲರಲ್ಲೂ ಪೂರ್ತಿ ಆಗದೆಯೂ ಇರಬಹುದು. 18 ತುಂಬದವರ ಮೂಳೆ ಇನ್ನೂ ಕಟ್ಟಿಕೊಳ್ಳುತ್ತಿರುತ್ತದೆ, 45 ದಾಟಿದವರದು ಹೇಗೂ ಸವೆಯಲು ತೊಡಗುತ್ತದೆ. ಇವರೂ, ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗುವವರೂ, ಸಣ್ಣ ಪೆಟ್ಟಿಗೇ ಮೂಳೆ ಮುರಿದವರೂ ಮೊದಲು ಡಾಕ್ಟರಿಗೆ ಹೇಳಬೇಕು.

ಮೂಳೆ ತೆಳುವಾದರೆ ನೋವು ಕಾಣಿಸುವುದಿಲ್ಲ, ಸ್ಕ್ಯಾನ್‌ನಲ್ಲಷ್ಟೇ ತಿಳಿಯುತ್ತದೆ. ದಿನವಿಡೀ ಮೆಷಿನ್ ಮುಂದೆ ಬಾಗಿ ಕೂತವಳ ಬೆನ್ನುನೋವಿಗೆ ಸೂಜಿಯನ್ನೇ ಬೈಯುವ ಮೊದಲು ಆ ಕುರ್ಚಿಯನ್ನೂ ನೋಡಬೇಕು.

ಅವಳ ಪರ್ಸಿನಲ್ಲಿ ಅಂತರದ ಕಾರ್ಡು ಇನ್ನೂ ಇತ್ತು, ತಾರೀಖುಗಳ ಸಮೇತ. ಅದನ್ನೇ ಅತ್ತೆಯ ಮುಂದೆ ಇಟ್ಟು ತಿಂಗಳು ಎಣಿಸಿ ತೋರಿಸಿದೆವು. ಅವರು ಹರಕೆ ಬಿಡಲಿಲ್ಲ, ಆದರೆ ಸೊಸೆಯನ್ನು ಬೈಯುವುದು ಬಿಟ್ಟರು.