‘ಮೂರರಲ್ಲಿ ಎರಡು’: ಪುನರಪರಾಧ ಪ್ರಮಾಣದ ಒಂದು ಅಂಕಿಯ ಚರಿತ್ರೆ

ಸೆರೆಮನೆಯಿಂದ ಬಿಡುಗಡೆ ಹೊಂದಿದವರಲ್ಲಿ ಎಷ್ಟು ಮಂದಿ ಮರಳಿ ಅಪರಾಧಕ್ಕೆ ಇಳಿಯುತ್ತಾರೆ? ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರಗಳ ಚರಿತ್ರೆಯನ್ನು ನೋಡಿದರೆ ವಿಚಿತ್ರವಾದ ಒಂದು ಸಂಗತಿ ತಿಳಿದುಬರುತ್ತದೆ. ‘ಮೂರರಲ್ಲಿ ಎರಡು ಪಾಲು’ ಎಂಬ ಒಂದೇ ಅಂಕಿ ಅಲ್ಲಿ ಮೂರು ಬೇರೆ ಬೇರೆ ಕಾಲಗಳಲ್ಲಿ, ಮೂರು ಬೇರೆ ಬೇರೆ ಅರ್ಥಗಳಲ್ಲಿ ಪ್ರಚಾರಕ್ಕೆ ಬಂದಿದೆ. ಮೊದಲ ಸಲ ಅದು ಬರಿಯ ಭ್ರಮೆಯಾಗಿತ್ತು. ಎರಡನೆಯ ಸಲ ನಿಜವಾಗಿತ್ತು. ಮೂರನೆಯ ಸಲ ಅದರ ಅರ್ಥವೇ ತಲೆಕೆಳಗಾಗಿತ್ತು. ಈ ಅಂಕಿಯ ಕಥೆಯನ್ನು ಅನುಸರಿಸಿ, ಪುನರಪರಾಧವನ್ನು ಅಳೆಯುವುದರಲ್ಲಿ ಇರುವ ತೊಡಕುಗಳನ್ನು ತಿಳಿಯುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಕ್ರಮಬದ್ಧವಾದ ಆರಂಭದ ಶೋಧನೆಗಳಲ್ಲಿ ಹೆಸರಾದುದು ಹಾರ್ವರ್ಡಿನ ಷೆಲ್ಡನ್ ಗ್ಲೂಕ್ ಮತ್ತು ಎಲಿನಾರ್ ಗ್ಲೂಕ್ ದಂಪತಿಗಳದು. ಮ್ಯಾಸಚೂಸೆಟ್ಸ್ ಪ್ರಾಂತದ ಕಾನ್‌ಕರ್ಡಿನಲ್ಲಿ ತರುಣ ಅಪರಾಧಿಗಳಿಗಾಗಿ ಒಂದು ಸುಧಾರಣಾಗೃಹವಿದ್ದಿತು. ಅಲ್ಲಿಂದ ಪೆರೋಲಿನ ಮೇಲೆ ಹೊರಬಂದು, 1921 ಮತ್ತು 1922ರಲ್ಲಿ ಆ ಪೆರೋಲಿನ ಅವಧಿಯನ್ನು ಮುಗಿಸಿದ ಸುಮಾರು ಐನೂರು ಮಂದಿಯ ಮುಂದಿನ ಐದು ವರ್ಷಗಳ ಬಾಳನ್ನು ಇವರು ಹುಡುಕಿ ತೆಗೆದರು. ಪೊಲೀಸರ ದಾಖಲೆಗಳನ್ನು ಮಾತ್ರ ನೋಡದೆ, ಮನೆಗಳಿಗೆ ಹೋಗಿ ಬಂಧುಗಳನ್ನೂ ಆ ವ್ಯಕ್ತಿಗಳನ್ನೂ ಕಂಡು ಮಾತನಾಡಿಸಿದರು. 1930ರಲ್ಲಿ ಪ್ರಕಟವಾದ ಅವರ ಗ್ರಂಥದ ಪ್ರಕಾರ ಸುಮಾರು ಐದರಲ್ಲಿ ನಾಲ್ಕು ಪಾಲು ಮಂದಿ ಸುಧಾರಿಸಿರಲಿಲ್ಲ. ಸುಧಾರಣಾಗೃಹಗಳ ಮೇಲೆ ಭರವಸೆಯಿಟ್ಟಿದ್ದವರಿಗೆ ಇದು ದೊಡ್ಡ ಆಘಾತವಾಯಿತು. ಆದರೆ ಇಲ್ಲಿ ಅಳೆಯಲ್ಪಟ್ಟವರು ತರುಣರು, ಅವಧಿ ದೀರ್ಘವಾದುದು, ಸಣ್ಣ ತಪ್ಪನ್ನೂ ಗಣಿಸುವಂತೆ ಸೋಲಿನ ಲಕ್ಷಣ ವಿಶಾಲವಾದುದು. ಒಂದು ಸಂಸ್ಥೆಯ ಈ ಫಲಿತಾಂಶವನ್ನು ದೇಶದ ಸಕಲ ಕೈದಿಗಳ ಗತಿಯೆಂದು ಓದುವುದು ಸಲ್ಲದ ಮಾತಾಗಿತ್ತು.

ಇದೇ ಕಾಲದಲ್ಲಿ ‘ಬಿಡುಗಡೆಯಾದವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಸೆರೆಮನೆಗೆ ಮರಳುತ್ತಾರೆ’ ಎಂಬ ಮಾತು ಬೇರೂರಿತು. ಇದರ ಮೂಲವನ್ನು ಪರೀಕ್ಷಿಸಿದವನು ಡೇನಿಯಲ್ ಗ್ಲೇಸರ್ ಎಂಬ ಸಮಾಜಶಾಸ್ತ್ರಜ್ಞ. 1964ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ಆತನು, ಒಂದು ಇಡೀ ಸೆರೆಮನೆ ವ್ಯವಸ್ಥೆಯಿಂದ ಬಿಡುಗಡೆಯಾದವರನ್ನು ಎರಡರಿಂದ ಐದು ವರ್ಷಗಳವರೆಗೆ ಅನುಸರಿಸಿ ನೋಡಿದರೆ ಸುಮಾರು ಮೂರನೆಯ ಒಂದು ಪಾಲು ಮಂದಿ ಮಾತ್ರ ಸೆರೆಮನೆಗೆ ಮರಳಿರುತ್ತಾರೆಂದು ತೋರಿಸಿದನು. ಹಾಗಾದರೆ ಜನಜನಿತವಾಗಿದ್ದ ಅಂಕಿ ಎಲ್ಲಿಂದ ಬಂದಿತು? ಸೆರೆಮನೆಯ ಒಳಗೆ ಇರುವವರನ್ನು ಎಣಿಸಿ, ಅವರಲ್ಲಿ ಎಷ್ಟು ಮಂದಿಗೆ ಹಿಂದೆ ಶಿಕ್ಷೆಯಾಗಿತ್ತೆಂದು ಕೇಳಿದರೆ ದೊಡ್ಡ ಪ್ರಮಾಣವೇ ಬರುತ್ತಿತ್ತು. ಅದನ್ನು, ಹೊರಗೆ ಹೋದವರಲ್ಲಿ ಎಷ್ಟು ಮಂದಿ ಮರಳುತ್ತಾರೆ ಎಂಬ ಪ್ರಶ್ನೆಗೆ ಉತ್ತರವೆಂದು ಜನ ಭಾವಿಸಿದ್ದರು. ಒಂದು ಹಿಂದಕ್ಕೆ ನೋಡುವ ಪ್ರಶ್ನೆ, ಇನ್ನೊಂದು ಮುಂದಕ್ಕೆ ನೋಡುವ ಪ್ರಶ್ನೆ. ಇವೆರಡೂ ಒಂದೇ ಅಲ್ಲ.

ವ್ಯತ್ಯಾಸ ಎಷ್ಟಿರಬಹುದೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಒಂದು ಸೆರೆಮನೆಗೆ ಮೂವರು ಮಾತ್ರ ಬಂದರೆಂದು ಇಟ್ಟುಕೊಳ್ಳೋಣ. ಮೊದಲನೆಯವನೂ ಎರಡನೆಯವನೂ ತಲಾ ಒಂದು ವರ್ಷದ ಶಿಕ್ಷೆಯನ್ನು ಅನುಭವಿಸಿ ಹೊರಗೆ ಹೋಗಿ, ಮತ್ತೆಂದೂ ಮರಳಲಿಲ್ಲ. ಮೂರನೆಯವನು ಮೊದಲು ಒಂದು ವರ್ಷ ಇದ್ದು ಹೋದವನು ಮತ್ತೆ ಮೂರು ಸಲ ಬಂದನು. ಹಳೆಯ ಅಪರಾಧಿಯಾದ್ದರಿಂದ ಆ ಮೂರು ಸಲವೂ ಎರಡೆರಡು ವರ್ಷ ಶಿಕ್ಷೆಯಾಯಿತು. ಈಗ ಮೂರು ರೀತಿಯಲ್ಲಿ ಎಣಿಸೋಣ. ವ್ಯಕ್ತಿಗಳನ್ನು ಎಣಿಸಿದರೆ, ಮೂವರಲ್ಲಿ ಮರಳಿದವನು ಒಬ್ಬನೇ. ಪ್ರಮಾಣ ಮೂರನೆಯ ಒಂದು. ಬಿಡುಗಡೆಗಳನ್ನು ಎಣಿಸಿದರೆ, ಒಟ್ಟು ಆರು ಬಿಡುಗಡೆಗಳು, ಅವುಗಳಲ್ಲಿ ಮೂರು ಮರಳುವಿಕೆಯಲ್ಲಿ ಕೊನೆಗೊಂಡುವು, ಪ್ರಮಾಣ ಅರ್ಧ. ಇನ್ನು ಸೆರೆಮನೆಯ ಒಳಗೆ ಕಳೆದ ಕಾಲವನ್ನು ಎಣಿಸಿದರೆ, ಮೂವರೂ ಕಳೆದ ವರ್ಷಗಳು ಒಟ್ಟು ಒಂಬತ್ತು. ಅವುಗಳಲ್ಲಿ ಆರು ವರ್ಷ ಹಿಂದೆ ಶಿಕ್ಷೆಯಾದವನು ಕಳೆದವು. ಎಂದರೆ ಯಾವುದಾದರೂ ಒಂದು ದಿನ ಒಳಹೊಕ್ಕು ಕೈದಿಗಳನ್ನು ಎಣಿಸುವವನಿಗೆ ಸರಾಸರಿಯಲ್ಲಿ ಮೂರರಲ್ಲಿ ಎರಡು ಪಾಲು ಹಳಬರೇ ಕಾಣುತ್ತಾರೆ. ಮನುಷ್ಯರು ಅವರೇ, ನಡತೆಯೂ ಅದೇ. ಬದಲಾದುದು ಛೇದ ಮಾತ್ರ. ಪದೇಪದೇ ಬರುವವರೂ ದೀರ್ಘಕಾಲ ಇರುವವರೂ ಸೆರೆಮನೆಯ ಯಾವ ಎಣಿಕೆಯಲ್ಲಿಯಾದರೂ ತಮ್ಮ ಸಂಖ್ಯೆಗೆ ಮೀರಿದ ಸ್ಥಾನವನ್ನು ಆಕ್ರಮಿಸುತ್ತಾರೆ.

ಎರಡನೆಯ ‘ಮೂರರಲ್ಲಿ ಎರಡು’ ಇಂತಹ ಭ್ರಮೆಯಲ್ಲ. ಅಮೆರಿಕದ ನ್ಯಾಯ ಇಲಾಖೆಯ ಅಂಕಿ ಅಂಶಗಳ ವಿಭಾಗವು 1994ರಲ್ಲಿ ಹದಿನೈದು ಸಂಸ್ಥಾನಗಳಿಂದ ಬಿಡುಗಡೆಯಾದ 2,72,111 ಕೈದಿಗಳನ್ನು ಕುರಿತು 2002ರಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಮೂರು ವರ್ಷಗಳ ಒಳಗೆ ಅವರಲ್ಲಿ ಶೇಕಡಾ 67.5 ಮಂದಿ ಹೊಸ ಅಪರಾಧಕ್ಕಾಗಿ ದಸ್ತಗಿರಿಯಾಗಿದ್ದರು. ಪತ್ರಿಕೆಗಳಲ್ಲಿ ಹರಡಿದುದು ಈ ಅಂಕಿಯೇ. ಆದರೆ ಅದೇ ವರದಿಯಲ್ಲಿ ಅದೇ ಜನರಿಗೆ ಇನ್ನೂ ಮೂರು ಅಂಕಿಗಳಿವೆ. ನ್ಯಾಯಾಲಯದಲ್ಲಿ ಅಪರಾಧ ಸ್ಥಾಪಿತವಾದವರು ಶೇಕಡಾ 46.9. ಹೊಸ ಅಪರಾಧಕ್ಕಾಗಿ ಸೆರೆವಾಸದ ಶಿಕ್ಷೆ ಹೊಂದಿದವರು ಶೇಕಡಾ 25.4. ಯಾವುದಾದರೂ ಕಾರಣದಿಂದ ಸೆರೆಮನೆಗೆ ಮರಳಿದವರು ಶೇಕಡಾ 51.8. ಕೊನೆಯ ಎರಡು ಅಂಕಿಗಳ ಅಂತರ ಗಮನಾರ್ಹವಾದುದು. ಮರಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೊಸ ಅಪರಾಧಕ್ಕಾಗಿ ಸೆರೆವಾಸದ ಶಿಕ್ಷೆಯಾಗಿರಲಿಲ್ಲ. ಅಧಿಕಾರಿಯನ್ನು ಕಾಣದೆ ತಪ್ಪಿಸಿಕೊಂಡುದು, ಮಾದಕ ವಸ್ತುವಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದುದು ಮೊದಲಾದ ಪೆರೋಲಿನ ನಿಬಂಧನೆಗಳ ಉಲ್ಲಂಘನೆಗಾಗಿ ಅವರನ್ನು ಒಳಗೆ ಕಳುಹಿಸಲಾಗಿತ್ತು. ದಸ್ತಗಿರಿಯನ್ನು ಲಕ್ಷಣವಾಗಿಟ್ಟುಕೊಂಡರೆ ನಿರಪರಾಧಿಗಳೂ ಲೆಕ್ಕದಲ್ಲಿ ಸೇರುತ್ತಾರೆ. ನ್ಯಾಯಾಲಯದ ತೀರ್ಪನ್ನು ಇಟ್ಟುಕೊಂಡರೆ ಸಾಕ್ಷ್ಯ ಸಾಲದೆ ಬಿಡುಗಡೆಯಾದ ಅಪರಾಧಿಗಳು ಜಾರಿಹೋಗುತ್ತಾರೆ. ಯಾವುದೂ ಅಪರಾಧವನ್ನೇ ಅಳೆಯುವುದಿಲ್ಲ. ಅಪರಾಧಕ್ಕೆ ಪೊಲೀಸರೂ ನ್ಯಾಯಾಲಯವೂ ತೋರಿದ ಪ್ರತಿಕ್ರಿಯೆಯನ್ನು ಅಳೆಯುತ್ತವೆ.

ಇದಕ್ಕೆ ಕಾಲದ ತೊಡಕು ಸೇರುತ್ತದೆ. ಇದೇ ವರದಿಯಲ್ಲಿ ಒಂದು ವರ್ಷಕ್ಕೆ ದಸ್ತಗಿರಿಯ ಪ್ರಮಾಣ ಶೇಕಡಾ 44.1 ಮಾತ್ರ; ಎರಡು ವರ್ಷಕ್ಕೆ 59.2. ಏರಿಕೆ ಮೊದಲಲ್ಲಿ ಕಡಿದಾಗಿದ್ದು, ಬರಬರುತ್ತ ಮೆಲ್ಲಗಾಗುತ್ತದೆ, ಆದರೆ ನಿಲ್ಲುವುದಿಲ್ಲ. 2005ರಲ್ಲಿ ಮೂವತ್ತು ಸಂಸ್ಥಾನಗಳಿಂದ ಬಿಡುಗಡೆಯಾದವರನ್ನು ಕುರಿತ ವರದಿಯಲ್ಲಿ ಮೂರು ವರ್ಷಕ್ಕೆ ಶೇಕಡಾ 68, ಆರು ವರ್ಷಕ್ಕೆ 79, ಒಂಬತ್ತು ವರ್ಷಕ್ಕೆ 83 ಎಂದಿದೆ. ಇಂಗ್ಲೆಂಡಿನ ಅಧಿಕೃತ ಲೆಕ್ಕವಾದರೋ, ಒಂದು ವರ್ಷದ ಒಳಗೆ ನಡೆದು, ಆ ವರ್ಷದಲ್ಲಿಯೋ ಅನಂತರದ ಆರು ತಿಂಗಳಲ್ಲಿಯೋ ತೀರ್ಪಿನಿಂದ ಅಥವಾ ಪೊಲೀಸರ ವಿಧಿವತ್ತಾದ ಎಚ್ಚರಿಕೆಯಿಂದ ಸ್ಥಾಪಿತವಾದ ಅಪರಾಧಗಳನ್ನು ಗಣಿಸುತ್ತದೆ. ಇದನ್ನು ಅಮೆರಿಕದ ಮೂರು ವರ್ಷಗಳ ದಸ್ತಗಿರಿಯ ಅಂಕಿಯ ಪಕ್ಕದಲ್ಲಿಟ್ಟು ಒಂದು ದೇಶದ ಸೆರೆಮನೆ ಇನ್ನೊಂದಕ್ಕಿಂತ ಮೇಲೆಂದು ಹೇಳುವುದು, ಒಂದು ಮೊಳವನ್ನೂ ಒಂದು ಗಜವನ್ನೂ ಒಂದೇ ಅಳತೆಯೆಂದು ಬಗೆದಂತೆ.

ಲಕ್ಷಣವೊಂದು ಬದಲಾದಾಗ ಏನಾಗುತ್ತದೆಂಬುದಕ್ಕೆ ಕ್ಯಾಲಿಫೋರ್ನಿಯದ ಅನುಭವ ನಿದರ್ಶನ. ಅಲ್ಲಿ ಸರ್ಕಾರಿ ವರ್ಷ 2008-09ರಲ್ಲಿ ಬಿಡುಗಡೆಯಾದವರಲ್ಲಿ ಮೂರು ವರ್ಷದೊಳಗೆ ಸಂಸ್ಥಾನದ ಸೆರೆಮನೆಗೆ ಮರಳಿದವರು ಶೇಕಡಾ 61.0. 2010-11ರವರಲ್ಲಿ ಅದು 44.6 ಆಯಿತು, 2011-12ರವರಲ್ಲಿ 25.0ಕ್ಕೆ ಇಳಿಯಿತು. ಕಾರಣ, 2011ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಶಾಸನ. ಅದರ ಪ್ರಕಾರ ಪೆರೋಲಿನ ನಿಬಂಧನೆಗಳನ್ನು ಮೀರಿದವರಲ್ಲಿ ಬಹುಮಂದಿಯನ್ನು ಸಂಸ್ಥಾನದ ಸೆರೆಮನೆಗೆ ಬದಲಾಗಿ ಕೌಂಟಿಯ ಜೈಲಿಗೆ ಕಳುಹಿಸತೊಡಗಿದರು. ಕೌಂಟಿಯ ಜೈಲು ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ದಸ್ತಗಿರಿ ಮತ್ತು ತೀರ್ಪುಗಳ ಅಂಕಿಗಳಲ್ಲಿ ಇಂತಹ ಕುಸಿತವೇನೂ ಕಂಡುಬರಲಿಲ್ಲ. ಮನುಷ್ಯರ ನಡತೆ ಒಂದೆರಡು ವರ್ಷಗಳಲ್ಲಿ ಹೀಗೆ ಮಾರ್ಪಟ್ಟಿತೆಂದು ಯಾರಾದರೂ ಭಾವಿಸಿದ್ದರೆ, ಅವರು ಬಾಗಿಲು ಬದಲಾದುದನ್ನು ಕಂಡು ಬರುವವರೇ ಕಡಿಮೆಯಾದರೆಂದು ತಿಳಿದಂತಾಗುತ್ತಿತ್ತು. ಮುಂದೆ ಅಲ್ಲಿನ ಇಲಾಖೆಯೇ ಮರಳಿದವರ ಪ್ರಮಾಣವನ್ನು ಬದಿಗಿರಿಸಿ, ಮೂರು ವರ್ಷದೊಳಗಿನ ತೀರ್ಪುಗಳನ್ನು ಮುಖ್ಯ ಅಳತೆಯಾಗಿ ಅಂಗೀಕರಿಸಿತು.

ಮೂರನೆಯ ‘ಮೂರರಲ್ಲಿ ಎರಡು’ 2014ರಲ್ಲಿ ಬಂದಿತು. ವಿಲಿಯಂ ರೋಡ್ಸ್ ಮತ್ತು ಆತನ ಸಹೋದ್ಯೋಗಿಗಳು, ಯಾವುದೋ ಒಂದು ವರ್ಷದ ಬಿಡುಗಡೆಗಳನ್ನು ತೆಗೆದುಕೊಂಡರೆ ಪದೇಪದೇ ಬರುವವರು ಅದರಲ್ಲಿ ಅತಿಯಾಗಿ ತುಂಬಿಕೊಳ್ಳುತ್ತಾರೆಂದು ತೋರಿಸಿ, ಬಿಡುಗಡೆಗೆ ಬದಲಾಗಿ ವ್ಯಕ್ತಿಯನ್ನು ಎಣಿಸಿದರು. ಸೆರೆವಾಸ ಅನುಭವಿಸಿದವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಸೆರೆಮನೆಗೆ ಮತ್ತೆ ಮರಳುವುದೇ ಇಲ್ಲವೆಂದೂ, ಒಂದಕ್ಕಿಂತ ಹೆಚ್ಚು ಸಲ ಮರಳುವವರು ಶೇಕಡಾ 11 ಮಾತ್ರವೆಂದೂ ಅವರ ನಿರ್ಣಯ. ಹಿಂದಿನ ವರದಿಯ ಅರ್ಧವೂ ಇವರ ಮೂರನೆಯ ಒಂದೂ ಪರಸ್ಪರ ವಿರೋಧಿಗಳಲ್ಲ. ನಮ್ಮ ಮೂವರು ಕೈದಿಗಳ ಲೆಕ್ಕದಲ್ಲಿ ಎರಡೂ ಏಕಕಾಲದಲ್ಲಿ ನಿಜವಾಗಿದ್ದುವು. ಈ ವರ್ಷ ಬಿಡುಗಡೆಯಾಗುವವರಿಗಾಗಿ ಎಷ್ಟು ಅಧಿಕಾರಿಗಳು ಬೇಕೆಂದು ಯೋಚಿಸುವವನಿಗೆ ಮೊದಲನೆಯದು ಬೇಕು. ಒಮ್ಮೆ ಸೆರೆಮನೆ ಕಂಡವನಿಗೆ ಕೆಲಸ ಕೊಡಬಹುದೇ ಎಂದು ಯೋಚಿಸುವವನಿಗೆ ಎರಡನೆಯದು ಬೇಕು. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸಿದರೆ, ಅದರ ಬೆಲೆಯನ್ನು ತೆರುವವನು ಬಿಡುಗಡೆಯಾದ ಮನುಷ್ಯ.

ನಮ್ಮ ದೇಶದ ವಿಷಯದಲ್ಲಿ ಒಂದು ಮಾತು. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯು ಸೆರೆಮನೆಗಳನ್ನು ಕುರಿತು ಪ್ರಕಟಿಸುವ ವಾರ್ಷಿಕ ಸಂಪುಟಗಳಲ್ಲಿ ಕಾಣುವ ಪುನರಪರಾಧದ ಅಂಕಿ, ಶಿಕ್ಷೆ ಹೊಂದಿ ಒಳಬಂದವರಲ್ಲಿ ಎಷ್ಟು ಮಂದಿಗೆ ಹಿಂದೆಯೂ ಶಿಕ್ಷೆಯಾಗಿತ್ತೆಂಬುದನ್ನು ಹೇಳುತ್ತದೆ. ಎಂದರೆ, ಇದು ಗ್ಲೇಸರನು ಎಚ್ಚರಿಸಿದ ಹಿಂದಕ್ಕೆ ನೋಡುವ ಪ್ರಶ್ನೆಯ ಉತ್ತರ. ಬಿಡುಗಡೆಯಾದವರನ್ನು ವರ್ಷಾನುವರ್ಷ ಅನುಸರಿಸಿ ಪಡೆದುದಲ್ಲ. ಇದರ ಜೊತೆಗೆ, ಹಳಬನನ್ನು ಹಳಬನೆಂದು ಗುರುತಿಸಬಲ್ಲ ಶಕ್ತಿಯ ಮೇಲೆಯೂ ಇಂತಹ ಅಂಕಿ ನಿಂತಿದೆ. ಬೆರಳಚ್ಚುಗಳ ಕಚೇರಿ 1897ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾಗುವುದಕ್ಕೆ ಈ ಕೊರತೆಯೇ ಒಂದು ಕಾರಣ. ಹೆಸರನ್ನು ಬದಲಿಸಿಕೊಂಡು ಬೇರೊಂದು ಜಿಲ್ಲೆಯಲ್ಲಿ ಸಿಕ್ಕವನು ಪುಸ್ತಕದಲ್ಲಿ ಹೊಸಬನೇ ಆಗುತ್ತಿದ್ದನು. ಗುರುತಿಸುವ ಸಾಧನ ಉತ್ತಮಗೊಂಡಾಗ ಅಂಕಿ ಏರುತ್ತದೆ; ಅಪರಾಧ ಏರಿರಬೇಕೆಂದಿಲ್ಲ.

ಆದುದರಿಂದ ಪುನರಪರಾಧದ ಯಾವ ಅಂಕಿಯನ್ನು ಕಂಡರೂ ವಿದ್ಯಾರ್ಥಿಯು ನಾಲ್ಕು ವಿಷಯಗಳನ್ನು ವಿಚಾರಿಸಬೇಕು: ಎಣಿಸಿದುದು ವ್ಯಕ್ತಿಗಳನ್ನೋ ಬಿಡುಗಡೆಗಳನ್ನೋ ಒಳಗಿರುವವರನ್ನೋ, ಗಣಿಸಿದ ಘಟನೆ ಯಾವುದು, ಎಷ್ಟು ಕಾಲ ಕಾದು ನೋಡಲಾಯಿತು, ಯಾವ ದಾಖಲೆಯಲ್ಲಿ ಹುಡುಕಲಾಯಿತು. ಈ ನಾಲ್ಕಕ್ಕೂ ಉತ್ತರವಿಲ್ಲದ ಶೇಕಡಾವಾರು ಹೋಲಿಕೆಗೆ ಒದಗದು.